ಹೊಸ್ತಿಲು ದಾಟದ ಬೆಕ್ಕಿಗೆ ಜಂತುನಾಶಕ ಮತ್ತು ಚಿಗಟ ನಿಯಂತ್ರಣ: ಒಂದು ಸಮಗ್ರ ಮಾರ್ಗದರ್ಶಿ

ಬಾಲ್ಕನಿಗೂ ಬಲೆ ಹಾಕಿಸಿ, ಮನೆಯೊಳಗೇ ಸಾಕಿದ ಬೆಕ್ಕಿನ ಬಾಲದ ಕೆಳಗಿನ ಕೂದಲಿನಲ್ಲಿ ಅಥವಾ ಅದು ಮಲಗುವ ದಿಂಬಿನ ಮೇಲೆ ಅಕ್ಕಿಕಾಳಿನಷ್ಟು ದೊಡ್ಡ ಬಿಳಿಯ ತುಣುಕುಗಳು ಕಂಡಾಗ, ಹೊರಗೇ ಹೋಗದ ಬೆಕ್ಕಿಗೆ ಇವು ಎಲ್ಲಿಂದ ಬಂದವು ಎಂಬ ಪ್ರಶ್ನೆ ಬಹುತೇಕ ಎಲ್ಲರಿಗೂ ಏಳುತ್ತದೆ. ಆ ತುಣುಕುಗಳು ಡಿಪಿಲಿಡಿಯಂ ಕೆನೈನಮ್ ಎಂಬ ಲಾಡಿಹುಳುವಿನ ದೇಹದ ಖಂಡಗಳು. ಹೊಸದಾಗಿ ಬಿದ್ದಾಗ ಅವು ನಿಧಾನವಾಗಿ ಚಲಿಸುತ್ತವೆ. ಒಣಗಿದ ಮೇಲೆ ಹಳದಿ ಬಣ್ಣಕ್ಕೆ ತಿರುಗಿ ಎಳ್ಳಿನ ಗಾತ್ರಕ್ಕೆ ಕುಗ್ಗುತ್ತವೆ. ಈ ಹುಳು ಮಣ್ಣಿನಿಂದಾಗಲಿ, ನೀರಿನಿಂದಾಗಲಿ, ಬೆಕ್ಕು ತಿನ್ನುವ ಅನ್ನದಿಂದಾಗಲಿ ಬರುವುದಿಲ್ಲ. ಚಿಗಟದ ಮರಿಹುಳು ಲಾಡಿಹುಳುವಿನ ಮೊಟ್ಟೆಯನ್ನು ತಿನ್ನುತ್ತದೆ, ಆ ಮರಿಹುಳು ಬೆಳೆದು ಚಿಗಟವಾಗುತ್ತದೆ, ಬೆಕ್ಕು ಮೈ ನೆಕ್ಕಿಕೊಳ್ಳುವಾಗ ಆ ಚಿಗಟವನ್ನು ನುಂಗುತ್ತದೆ. ಅಲ್ಲಿಂದ ಎರಡು ಮೂರು ವಾರಗಳಲ್ಲಿ ಬೆಕ್ಕಿನ ಕರುಳಿನಲ್ಲಿ ಬೆಳೆದ ಹುಳು ಖಂಡಗಳನ್ನು ಉದುರಿಸಲು ತೊಡಗುತ್ತದೆ.

ಆದ್ದರಿಂದ ಒಳಮನೆಯ ಬೆಕ್ಕಿನ ವಿಷಯದಲ್ಲಿ ಜಂತುನಾಶಕವನ್ನೂ ಚಿಗಟ ನಿಯಂತ್ರಣವನ್ನೂ ಬೇರೆ ಬೇರೆ ಕೆಲಸಗಳೆಂದು ನೋಡುವುದು ಸರಿಯಲ್ಲ. ಮೂರು ತಿಂಗಳಿಗೊಮ್ಮೆ ತಪ್ಪದೆ ಮಾತ್ರೆ ನುಂಗಿಸಿ ಚಿಗಟವನ್ನು ಮರೆತ ಮನೆಯಲ್ಲಿ ಲಾಡಿಹುಳು ತಿಂಗಳೊಳಗೆ ಮರಳಿ ಬರುತ್ತದೆ. ಚಿಗಟವನ್ನು ಹತೋಟಿಯಲ್ಲಿಟ್ಟ ಮನೆಯಲ್ಲಾದರೋ ವರ್ಷಕ್ಕೆ ಒಂದೆರಡು ಮಾತ್ರೆಗಳೇ ಸಾಕಾಗುವುದುಂಟು. ಈ ಮಾರ್ಗದರ್ಶಿ ಅದೇ ಕ್ರಮದಲ್ಲಿ ಸಾಗುತ್ತದೆ: ಮೊದಲು ಬಾಗಿಲು, ಆಮೇಲೆ ಚಿಗಟ, ಕೊನೆಗೆ ಜಂತುಹುಳು.

ಮೊದಲು ನೋಡಬೇಕಾದದ್ದು: ಮನೆಯೊಳಗೆ ಏನು ಬರುತ್ತಿದೆ

ಬೆಕ್ಕು ಹೊರಗೆ ಹೋಗದಿದ್ದರೂ ಹೊರಗಿನದು ಒಳಗೆ ಬರುತ್ತದೆ. ಬೀದಿಬೆಕ್ಕು ಅಥವಾ ನಾಯಿ ಮಲಗೆದ್ದ ಜಾಗದಲ್ಲಿ ಚಿಗಟದ ಮೊಟ್ಟೆಗಳೂ ಗೂಡುಗಳೂ ಉದುರಿರುತ್ತವೆ. ಅಪಾರ್ಟ್‌ಮೆಂಟಿನ ಮೆಟ್ಟಿಲು, ವಾಹನ ನಿಲ್ಲಿಸುವ ನೆಲಮಾಳಿಗೆ, ಬಾಗಿಲ ಹೊರಗಿನ ಕಾಲೊರಸು, ಚಪ್ಪಲಿ ಗೂಡು ಇವೆಲ್ಲ ಅಂಥ ಜಾಗಗಳೇ. ಅಲ್ಲಿಂದ ಅವು ಚಪ್ಪಲಿಗೆ, ಪ್ಯಾಂಟಿನ ತುದಿಗೆ, ನೆಲದ ಮೇಲಿಟ್ಟ ಚೀಲಕ್ಕೆ ಅಂಟಿಕೊಂಡು ಒಳಗೆ ಬರುತ್ತವೆ. ಊರಿಗೆ ಹೋಗುವಾಗ ಬೆಕ್ಕನ್ನು ಬಿಟ್ಟುಬಂದ ಬೋರ್ಡಿಂಗ್, ಅದನ್ನು ಒಯ್ದಿದ್ದ ಕ್ಲಿನಿಕ್‌ನ ಬೆಂಚು, ಕನಿಕರಪಟ್ಟು ಮನೆಗೆ ತಂದ ಬೀದಿಮರಿ ಇವೂ ಚಿಗಟ ಬರುವ ದಾರಿಗಳೇ.

ದುಂಡುಹುಳುವಿನ ದಾರಿ ಬೇರೆ. ಬೆಕ್ಕಿನ ದುಂಡುಹುಳುವಾದ ಟಾಕ್ಸೊಕಾರಾ ಕ್ಯಾಟಿ ತಾಯಿಯ ಹಾಲಿನ ಮೂಲಕವೇ ಮರಿಗೆ ದಾಟುತ್ತದೆ. ಆದ್ದರಿಂದ ಎಲ್ಲಿಂದಲೋ ತಂದ ಮರಿ, ಎಷ್ಟೇ ಚೊಕ್ಕಟವಾಗಿ ಕಂಡರೂ, ಹುಳು ಇರುವ ಮರಿ ಎಂದೇ ಎಣಿಸಬೇಕು. ದೊಡ್ಡ ಬೆಕ್ಕಿಗೆ ಅದು ಇಲಿ ಅಥವಾ ಜಿರಲೆಯಂಥ ಜೀವಿಗಳನ್ನು ತಿಂದಾಗ ಬರಬಹುದು. ಇಲಿ ತಿನ್ನುವ ಬೆಕ್ಕಿಗೆ ಟೀನಿಯಾ ಜಾತಿಯ ಇನ್ನೊಂದು ಲಾಡಿಹುಳುವೂ ಅಂಟಬಹುದು. ನಮ್ಮ ಮನೆಗಳಲ್ಲಿ ಬೆಕ್ಕಿನ ದೊಡ್ಡ ಬೇಟೆ ಹಲ್ಲಿಯೇ. ಉಷ್ಣವಲಯದ ದೇಶಗಳಲ್ಲಿ ಹಲ್ಲಿ ತಿಂದ ಬೆಕ್ಕಿನ ಪಿತ್ತನಾಳಕ್ಕೆ ಪ್ಲಾಟಿನೊಸೋಮಮ್ ಎಂಬ ಚಪ್ಪಟೆಹುಳು ಸೇರಬಹುದು, ಮತ್ತು ಸಾಮಾನ್ಯ ಜಂತುನಾಶಕದ ಪ್ರಮಾಣಕ್ಕೆ ಅದು ಬಗ್ಗುವುದಿಲ್ಲ. ಹಲ್ಲಿ ಹಿಡಿಯುವ ಬೆಕ್ಕು ತಿಂಡಿ ಬಿಟ್ಟು, ಕಣ್ಣಿನ ಬಿಳಿಭಾಗ ಹಳದಿಯಾಗಿದ್ದರೆ ವೈದ್ಯರಿಗೆ ಹಲ್ಲಿಯ ವಿಷಯವನ್ನು ಮರೆಯದೆ ಹೇಳಬೇಕು.

ಈ ದಾರಿಗಳಲ್ಲಿ ನಿಮ್ಮ ಮನೆಗೆ ಯಾವುವು ಅನ್ವಯಿಸುತ್ತವೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮುಂದೆ ವೇಳಾಪಟ್ಟಿಯನ್ನು ನಿರ್ಧರಿಸುವುದು ಈ ಹಾಳೆಯೇ.

ತೂಕ

ಔಷಧದ ಪ್ರಮಾಣವೆಲ್ಲ ತೂಕದ ಮೇಲೆ ನಿಂತಿದೆ, ಕಣ್ಣಂದಾಜು ಸಾಲದು. ಬೆಕ್ಕನ್ನು ಎತ್ತಿಕೊಂಡು ಮನುಷ್ಯರ ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ಒಬ್ಬರೇ ನಿಂತು, ವ್ಯತ್ಯಾಸವನ್ನು ತೆಗೆಯಿರಿ. ಎರಡು ಸಲ ಮಾಡಿದಾಗ ಒಂದೇ ಉತ್ತರ ಬಂದರೆ ಅದನ್ನು ದಿನಾಂಕದೊಂದಿಗೆ ಬರೆದಿಡಿ. ಮರಿಯಾದರೆ ಅಡುಗೆಮನೆಯ ತಕ್ಕಡಿಯ ಮೇಲೆ ಡಬ್ಬಿಯಿಟ್ಟು ತೂಗುವುದೇ ಸರಿ, ಏಕೆಂದರೆ ಮರಿಯ ವಿಷಯದಲ್ಲಿ ನೂರು ಗ್ರಾಂ ಕೂಡ ದೊಡ್ಡ ವ್ಯತ್ಯಾಸ.

ಚಿಗಟ ಇದೆಯೇ ಎಂದು ತಿಳಿಯುವ ಬಗೆ

ಚಿಗಟ ಕಣ್ಣಿಗೆ ಬೀಳಲಿಲ್ಲ ಎಂದಮಾತ್ರಕ್ಕೆ ಚಿಗಟವಿಲ್ಲ ಎಂದಾಗುವುದಿಲ್ಲ. ಬೆಕ್ಕು ಎಚ್ಚರವಾಗಿರುವ ಹೊತ್ತಿನ ದೊಡ್ಡ ಪಾಲನ್ನು ಮೈ ನೆಕ್ಕಿಕೊಳ್ಳುವುದರಲ್ಲೇ ಕಳೆಯುವುದರಿಂದ, ಸಿಕ್ಕ ಚಿಗಟವನ್ನೆಲ್ಲ ಅದೇ ನುಂಗಿಬಿಟ್ಟಿರುತ್ತದೆ. ಹಾಗಾಗಿ ಹುಡುಕಬೇಕಾದದ್ದು ಚಿಗಟದ ಹಿಕ್ಕೆಯನ್ನು.

ಹೇನು ತೆಗೆಯುವ ಸಣ್ಣ ಹಲ್ಲಿನ ಹಣಿಗೆಯನ್ನು ತೆಗೆದುಕೊಳ್ಳಿ. ಬೆಕ್ಕನ್ನು ಬಿಳಿಯ ಬಟ್ಟೆಯ ಮೇಲೆ ಕೂರಿಸಿ, ಸೊಂಟದಿಂದ ಬಾಲದ ಬುಡದವರೆಗೆ, ಆಮೇಲೆ ಕತ್ತಿನ ಸುತ್ತ, ಹಣಿಗೆಯ ಹಲ್ಲು ಚರ್ಮಕ್ಕೆ ತಾಗುವಂತೆ ಬಾಚಿ. ಹಣಿಗೆಗೆ ಸಿಕ್ಕ ಕರಿಯ ಪುಡಿಯನ್ನು ಒದ್ದೆ ಮಾಡಿದ ಬಿಳಿ ಟಿಶ್ಯೂ ಕಾಗದದ ಮೇಲೆ ಉದುರಿಸಿ ಒಂದೆರಡು ನಿಮಿಷ ಕಾಯಿರಿ. ಕಪ್ಪು ಚುಕ್ಕಿಯ ಸುತ್ತ ಕೆಂಪುಕಂದು ಬಣ್ಣ ಹರಡಿದರೆ ಅದು ಚಿಗಟ ಹೀರಿ ವಿಸರ್ಜಿಸಿದ ರಕ್ತ. ಹರಡದಿದ್ದರೆ ಬರೀ ಧೂಳು. ಇದಕ್ಕಿಂತ ಅಗ್ಗವಾದ, ಇದರಷ್ಟು ನಂಬಬಹುದಾದ ಇನ್ನೊಂದು ಪರೀಕ್ಷೆ ಮನೆಯಲ್ಲಿ ಸಾಧ್ಯವಿಲ್ಲ. ಮನೆಮಂದಿಯ ಕಣಕಾಲಿನ ಸುತ್ತ ಸಾಲಾಗಿ ತುರಿಸುವ ಸಣ್ಣ ಗುಳ್ಳೆಗಳಿದ್ದರೆ, ಬೆಕ್ಕಿನ ಬೆನ್ನಿನ ಕೆಳಭಾಗದಲ್ಲಿ ಕೂದಲು ತೆಳುವಾಗಿದ್ದರೆ, ಅದರ ಕತ್ತಿನ ಮೇಲೆ ಸಣ್ಣ ಹೆಕ್ಕಳಿಕೆಗಳು ಕೈಗೆ ಸಿಕ್ಕಿದರೆ, ಪುಡಿ ಸಿಗದಿದ್ದರೂ ಚಿಗಟವನ್ನು ಶಂಕಿಸಬೇಕು.

ಏನೂ ಇಲ್ಲದ ಮನೆಯಲ್ಲಿಯೂ ಹದಿನೈದು ದಿನಕ್ಕೊಮ್ಮೆ ಹೀಗೆ ಬಾಚಿ ನೋಡುವುದು ಒಳಮನೆಯ ಬೆಕ್ಕಿನ ದಿನಚರಿಯ ಮುಖ್ಯ ಭಾಗ. ಮಳೆಗಾಲದಲ್ಲಿ ಮತ್ತು ಕರಾವಳಿಯ ಊರುಗಳಲ್ಲಿ ಅದನ್ನು ವಾರಕ್ಕೊಮ್ಮೆ ಮಾಡುವುದು ಒಳ್ಳೆಯದು. ಚಿಗಟದ ಮರಿಹುಳು ತೇವವಿಲ್ಲದೆ ಬದುಕದು. ಬೆಚ್ಚಗಿನ, ತೇವದ ಗಾಳಿಯಲ್ಲಿ ಮೊಟ್ಟೆ ಚಿಗಟವಾಗಲು ಮೂರು ವಾರವೂ ಸಾಕು. ಹಿಮ ಬೀಳುವ ದೇಶಗಳಂತೆ ನಮ್ಮಲ್ಲಿ ಚಿಗಟಕ್ಕೆ ಬಿಡುವಿನ ಋತುವಿಲ್ಲ.

ಬೆಕ್ಕಿನ ಮೈಮೇಲಿನ ಚಿಗಟ

ಬೆಕ್ಕಿಗೆ ಸಾಮಾನ್ಯವಾಗಿ ಬಳಸುವುದು ಕತ್ತಿನ ಹಿಂದೆ ಹಚ್ಚುವ ಹನಿ ಔಷಧವನ್ನು. ಅಂಗಡಿಯಲ್ಲಿ ಇದಕ್ಕೆ ಸ್ಪಾಟ್-ಆನ್ ಎಂದರೆ ತಿಳಿಯುತ್ತದೆ. ಫಿಪ್ರೋನಿಲ್ ಒಂದೇ ಇರುವ ಹನಿ ದೊಡ್ಡ ಚಿಗಟಗಳನ್ನು ಒಂದೆರಡು ದಿನಗಳಲ್ಲಿ ಕೊಲ್ಲುತ್ತದೆ. ಫಿಪ್ರೋನಿಲ್ ಜೊತೆಗೆ ಎಸ್-ಮೆಥೊಪ್ರೀನ್ ಸೇರಿದ ಹನಿ ಮೊಟ್ಟೆ ಒಡೆದು ಮರಿ ಬೆಳೆಯುವುದನ್ನೂ ತಡೆಯುತ್ತದೆ. ಸೆಲಾಮೆಕ್ಟಿನ್ ಹನಿ ಚಿಗಟದ ಜೊತೆಗೆ ಕಿವಿಯ ನುಸಿ, ದುಂಡುಹುಳು, ಕೊಕ್ಕೆಹುಳುಗಳ ಮೇಲೂ ಕೆಲಸ ಮಾಡುತ್ತದೆ, ಆದರೆ ಲಾಡಿಹುಳುವನ್ನು ಮುಟ್ಟುವುದಿಲ್ಲ. ಚಿಗಟ ಈಗಾಗಲೇ ನೆಲೆಯೂರಿದ ಮನೆಯಲ್ಲಿ ಮೊಟ್ಟೆಯನ್ನೂ ತಡೆಯುವ ಔಷಧಕ್ಕೆ ಸ್ವಲ್ಪ ಹೆಚ್ಚು ಹಣ ಕೊಡುವುದೇ ಲಾಭ ಎಂಬುದು ನನ್ನ ಅಭಿಪ್ರಾಯ. ಯಾವುದನ್ನು ಆರಿಸಿದರೂ ಪೊಟ್ಟಣದ ಮೇಲೆ ಬೆಕ್ಕಿನ ಚಿತ್ರ, ತೂಕದ ವ್ಯಾಪ್ತಿ ಮತ್ತು ಕನಿಷ್ಠ ವಯಸ್ಸು ಇರಲೇಬೇಕು. ಹೆಚ್ಚಿನ ಹನಿ ಔಷಧಗಳನ್ನು ಎಂಟು ವಾರ ತುಂಬದ ಮರಿಗೆ ಹಚ್ಚುವಂತಿಲ್ಲ. ಅಷ್ಟು ಎಳೆಯ ಮರಿಗೆ ಹಣಿಗೆಯಿಂದ ಬಾಚಿ, ಸಿಕ್ಕ ಚಿಗಟಗಳನ್ನು ಸೋಪಿನ ನೀರಿನಲ್ಲಿ ಅದ್ದಿ ಕೊಲ್ಲಬೇಕು, ಮತ್ತು ಉಳಿದದ್ದನ್ನು ಪಶುವೈದ್ಯರನ್ನು ಕೇಳಿ ನಿರ್ಧರಿಸಬೇಕು.

ಹಚ್ಚುವ ಕ್ರಮ ಸುಲಭ, ಆದರೂ ಔಷಧ ಫಲಿಸಲಿಲ್ಲ ಎಂಬ ದೂರುಗಳ ಒಂದು ದೊಡ್ಡ ಪಾಲು ಇಲ್ಲಿಯೇ ಹುಟ್ಟುತ್ತದೆ. ಹಚ್ಚುವ ಎರಡು ದಿನ ಮೊದಲು ಮತ್ತು ಎರಡು ದಿನ ಆಮೇಲೆ ಬೆಕ್ಕಿಗೆ ಸ್ನಾನ ಬೇಡ, ಏಕೆಂದರೆ ಔಷಧ ಚರ್ಮದ ಎಣ್ಣೆಯೊಂದಿಗೆ ಹರಡಬೇಕು. ಬೆಕ್ಕಿನ ನಾಲಿಗೆ ತಲುಪದ ಜಾಗ ಒಂದೇ: ತಲೆಬುರುಡೆಯ ಬುಡದಲ್ಲಿ, ಕತ್ತಿನ ಹಿಂಭಾಗದ ಮೇಲ್ತುದಿ. ಭುಜಗಳ ನಡುವೆ ಹಚ್ಚಿದರೆ ಹಲವು ಬೆಕ್ಕುಗಳು ಕತ್ತು ತಿರುಗಿಸಿ ನೆಕ್ಕಿಬಿಡುತ್ತವೆ. ಆ ಜಾಗದಲ್ಲಿ ಕೂದಲನ್ನು ಎರಡು ಬೆರಳಿನಿಂದ ಬಿಡಿಸಿ, ಬೋಳು ಚರ್ಮ ಕಂಡ ಮೇಲೆ ನಳಿಕೆಯ ತುದಿಯನ್ನು ಅಲ್ಲಿಗೇ ಒತ್ತಿ ಪೂರ್ತಿ ಹಿಂಡಬೇಕು. ಕೂದಲ ಮೇಲೆ ಸುರಿದದ್ದು ವ್ಯರ್ಥ. ಆ ಜಾಗ ಒಣಗುವವರೆಗೆ ಮಕ್ಕಳು ಅಲ್ಲಿ ಮುಟ್ಟಬಾರದು, ಒಂದಕ್ಕಿಂತ ಹೆಚ್ಚು ಬೆಕ್ಕುಗಳಿದ್ದರೆ ಅವನ್ನು ಬೇರೆ ಬೇರೆ ಕೋಣೆಯಲ್ಲಿಡಬೇಕು. ಔಷಧ ನೆಕ್ಕಿದ ಬೆಕ್ಕು ಕಹಿಗೆ ಜೊಲ್ಲು ಸುರಿಸುತ್ತದೆ; ಸ್ವಲ್ಪ ಹೊತ್ತಿನಲ್ಲಿ ನಿಂತರೆ ಗಾಬರಿ ಬೇಕಿಲ್ಲ.

ಮನೆಯಲ್ಲಿರುವ ಎಲ್ಲ ಬೆಕ್ಕು ನಾಯಿಗಳಿಗೂ ಒಂದೇ ದಿನ ಚಿಕಿತ್ಸೆಯಾಗಬೇಕು, ಆಯಾ ಪ್ರಾಣಿಗೆಂದೇ ತಯಾರಿಸಿದ ಔಷಧದಿಂದ. ಒಂದನ್ನು ಬಿಟ್ಟರೆ ಅದೇ ಉಳಿದವುಗಳಿಗೆ ಚಿಗಟದ ಕಣಜವಾಗುತ್ತದೆ. ಮೊಲವಿರುವ ಮನೆಯಲ್ಲಿ ಇನ್ನೊಂದು ಎಚ್ಚರಿಕೆ ಬೇಕು: ಫಿಪ್ರೋನಿಲ್ ಮೊಲಕ್ಕೆ ವಿಷ.

ಮನೆಯೊಳಗಿನ ಚಿಗಟ

ಬೆಕ್ಕಿನ ಮೈಮೇಲೆ ಕಾಣುವ ಚಿಗಟ ಒಟ್ಟು ಸಂಖ್ಯೆಯಲ್ಲಿ ಸುಮಾರು ನೂರಕ್ಕೆ 5 ಮಾತ್ರ. ಉಳಿದದ್ದು ಮೊಟ್ಟೆ, ಮರಿಹುಳು, ಗೂಡುಗಳಾಗಿ ಮನೆಯ ಸಂದುಗಳಲ್ಲಿರುತ್ತದೆ. ಒಂದು ಹೆಣ್ಣು ಚಿಗಟ ದಿನಕ್ಕೆ 40ರಿಂದ 50 ಮೊಟ್ಟೆಗಳವರೆಗೆ ಇಡಬಲ್ಲದು, ಮತ್ತು ನುಣುಪಾದ ಆ ಮೊಟ್ಟೆಗಳು ಬೆಕ್ಕು ಮಲಗಿದಲ್ಲಿ, ಹಾರಿದಲ್ಲಿ ಉದುರುತ್ತವೆ. ಹೊರಬಂದ ಮರಿಹುಳು ಬೆಳಕಿಗೆ ಬೆನ್ನುಹಾಕಿ ಸೋಫಾದ ಮಡಿಕೆಗೆ, ಮಂಚದ ಕೆಳಗೆ, ಹಾಸಿಗೆಯ ಹೊಲಿಗೆಗೆ, ಕಾಲೊರಸಿನ ನಾರಿನೊಳಕ್ಕೆ ಸರಿಯುತ್ತದೆ. ಅಲ್ಲಿ ಬಿದ್ದ ಚಿಗಟದ ಹಿಕ್ಕೆಯನ್ನು ತಿಂದು ಬೆಳೆದು, ಅಂಟಿನ ಗೂಡು ಕಟ್ಟಿಕೊಳ್ಳುತ್ತದೆ. ಈ ಗೂಡನ್ನು ಕೀಟನಾಶಕ ಭೇದಿಸುವುದಿಲ್ಲ. ಒಳಗಿನ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ಹೆಜ್ಜೆಯ ಕಂಪನ, ಮೈಯ ಶಾಖ, ಉಸಿರಿನ ಇಂಗಾಲದ ಡೈಆಕ್ಸೈಡ್ ತಾಗಿದೊಡನೆ ಹೊರಬರುತ್ತದೆ. ಬೇಸಿಗೆ ರಜೆ ಮುಗಿಸಿ ಬೀಗ ತೆರೆದ ಮನೆಯಲ್ಲಿ ಒಮ್ಮೆಲೇ ಚಿಗಟ ಮುತ್ತುವುದು ಈ ಕಾರಣಕ್ಕೆ.

ನಮ್ಮ ಮನೆಗಳ ಒಂದು ಅನುಕೂಲವೆಂದರೆ ಗೋಡೆಯಿಂದ ಗೋಡೆಗೆ ಹಾಸಿದ ಕಾರ್ಪೆಟ್ ಇಲ್ಲದಿರುವುದು. ದಿನವೂ ಗುಡಿಸಿ ಒರೆಸುವ ಟೈಲ್ಸ್ ಅಥವಾ ರೆಡ್‌ಆಕ್ಸೈಡ್ ನೆಲದ ನಡುಭಾಗದಲ್ಲಿ ಮರಿಹುಳು ಬೆಳೆಯಲಾರದು. ಆದ್ದರಿಂದ ಶ್ರಮವನ್ನೆಲ್ಲ ಬೆಕ್ಕು ಮಲಗುವ ನಾಲ್ಕಾರು ಜಾಗಗಳಿಗೆ ಮೀಸಲಿಡಬಹುದು. ಬೆಕ್ಕಿನ ಹಾಸು, ದಿಂಬಿನ ಚೀಲ, ಸೋಫಾ ಹೊದಿಕೆ, ಕಾಲೊರಸುಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆಯಬೇಕು. ಒಗೆಯಲಾಗದ ಹಾಸಿಗೆಯನ್ನು ತಾರಸಿಯ ಮೇಲೆ ಸುಡುಬಿಸಿಲಿಗೆ ಹಾಕಿ, ಮಗುಚಿ ಹಾಕಿ ಒಣಗಿಸಬೇಕು. ಒಣ ಶಾಖವನ್ನು ಮರಿಹುಳು ತಾಳದು. ಸೋಫಾದ ಮಡಿಕೆ, ದಿವಾನಿನ ಕೆಳಭಾಗ, ಗೋಡೆಯಂಚಿನ ಸಂದುಗಳನ್ನು ವ್ಯಾಕ್ಯೂಮ್ ಯಂತ್ರದಿಂದ ಮೊದಲ ಎರಡು ವಾರ ದಿನವೂ, ಆಮೇಲೆ ಎರಡು ದಿನಕ್ಕೊಮ್ಮೆ ಎಳೆಯಬೇಕು. ಧೂಳಿನ ಚೀಲವನ್ನು ಕೂಡಲೇ ಗಂಟು ಕಟ್ಟಿ ಹೊರಗಿನ ಕಸಕ್ಕೆ ಹಾಕಬೇಕು. ಯಂತ್ರದ ಕಂಪನಕ್ಕೆ ಗೂಡಿನಿಂದ ಹೊರಬಂದ ಚಿಗಟವು ಔಷಧ ಹಚ್ಚಿದ ಬೆಕ್ಕಿನ ಮೈಮೇಲೆ ಹಾರಿ ಸಾಯುತ್ತದೆ ಎಂಬುದು ಇದರ ಇನ್ನೊಂದು ಲಾಭ. ಆದ್ದರಿಂದಲೇ ಈ ಅವಧಿಯಲ್ಲಿ ಬೆಕ್ಕನ್ನು ಎಂದಿನ ಕೋಣೆಗಳಲ್ಲೇ ಓಡಾಡಲು ಬಿಡಬೇಕು.

ನೆಲ ಒರೆಸುವ ನೀರಿಗೆ ಫಿನಾಯಿಲ್ ಹಾಕುವ ಅಭ್ಯಾಸವನ್ನು ಬೆಕ್ಕಿರುವ ಮನೆಯಲ್ಲಿ ಬಿಡಬೇಕು. ಫೀನಾಲ್ ಜಾತಿಯ ವಸ್ತುಗಳನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ, ಮತ್ತು ಒದ್ದೆ ನೆಲದಲ್ಲಿ ನಡೆದ ಬೆಕ್ಕು ಆಮೇಲೆ ಪಾದವನ್ನೇ ನೆಕ್ಕುತ್ತದೆ. ಚಿಗಟಕ್ಕೆಂದು ಮೈಗೆ ಬೇವಿನೆಣ್ಣೆ, ಟೀ ಟ್ರೀ ಎಣ್ಣೆ, ಕರ್ಪೂರದ ಎಣ್ಣೆ ಸವರುವುದೂ ಅಪಾಯವೇ. ಸ್ವಾಭಾವಿಕ ಎಂಬ ಹೆಸರಿನಲ್ಲಿ ಇವು ಸುಲಭವಾಗಿ ನಂಬಿಕೆ ಗಳಿಸುತ್ತವೆ, ಆದರೆ ಹೆಸರಿನಿಂದ ವಿಷ ಕಡಿಮೆಯಾಗುವುದಿಲ್ಲ. ಸೋಂಕು ಹೆಚ್ಚಾಗಿ ಕೀಟ ನಿಯಂತ್ರಣದವರನ್ನು ಕರೆಸಲೇಬೇಕಾದರೆ, ಬೆಕ್ಕಿದೆ ಎಂದು ಮೊದಲೇ ತಿಳಿಸಿ, ಸಿಂಪಡಿಸಿದ್ದು ಪೂರ್ತಿ ಒಣಗಿ ಗಾಳಿಯಾಡುವವರೆಗೆ ಬೆಕ್ಕನ್ನು ಬೇರೆಡೆ ಇರಿಸಬೇಕು.

ಹನಿ ಹಚ್ಚಿದ ಎರಡು ಮೂರು ವಾರಗಳ ಮೇಲೂ ಚಿಗಟ ಕಂಡರೆ ಔಷಧ ನಕಲಿ ಎಂದು ತೀರ್ಮಾನಿಸಬೇಡಿ. ಅವು ಹಳೆಯ ಗೂಡುಗಳಿಂದ ಹೊಸದಾಗಿ ಹೊರಬಂದವು. ಕಂಡ ಚಿಗಟಗಳ ಸಂಖ್ಯೆ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಕೆಲಸ ಸರಿಯಾಗಿ ನಡೆದಿದೆ ಎಂದರ್ಥ. ಗೂಡುಗಳೆಲ್ಲ ಖಾಲಿಯಾಗಲು ಸಮಯ ಬೇಕಾದುದರಿಂದ, ಚಿಗಟ ಕಾಣದಿದ್ದರೂ ತಿಂಗಳಿಗೊಮ್ಮೆಯಂತೆ ಕನಿಷ್ಠ ಮೂರು ತಿಂಗಳು ಹನಿಯನ್ನು ನಿಲ್ಲಿಸಬಾರದು. ಆರು ವಾರವಾದರೂ ಸಂಖ್ಯೆ ಇಳಿಯದಿದ್ದರೆ ಮನೆಯ ಯಾವುದೋ ಪ್ರಾಣಿ ತಪ್ಪಿಹೋಗಿದೆ, ಅಥವಾ ಹಚ್ಚುವುದು ತಪ್ಪಾಗಿದೆ, ಅಥವಾ ಹೊಸ ಚಿಗಟ ಒಂದೇ ಸಮನೆ ಹೊರಗಿನಿಂದ ಬರುತ್ತಿದೆ.

ಜಂತುನಾಶಕ: ಯಾವುದು, ಎಷ್ಟು, ಹೇಗೆ

ಎಲ್ಲ ಹುಳುವಿಗೂ ಒಂದೇ ಮಾತ್ರೆ ಎಂಬುದಿಲ್ಲ. ಪೈರಾಂಟೆಲ್ ದುಂಡುಹುಳು ಮತ್ತು ಕೊಕ್ಕೆಹುಳುವಿನ ಮೇಲೆ ಕೆಲಸ ಮಾಡುತ್ತದೆ, ಲಾಡಿಹುಳುವಿನ ಮೇಲೆ ಮಾಡುವುದಿಲ್ಲ. ಲಾಡಿಹುಳುವಿಗೆ ಬೇಕಾದದ್ದು ಪ್ರಾಜಿಕ್ವಾಂಟೆಲ್. ಫೆನ್‌ಬೆಂಡಜೋಲ್ ಚಿಗಟದಿಂದ ಬರುವ ಲಾಡಿಹುಳುವನ್ನು ಕೊಲ್ಲುವುದಿಲ್ಲ. ಅಕ್ಕಿಕಾಳಿನಂಥ ಖಂಡ ಕಂಡ ಬೆಕ್ಕಿಗೆ ಅದನ್ನು ಎಷ್ಟು ಸಲ ಕೊಟ್ಟರೂ ಫಲವಿಲ್ಲ. ಮನೆಯ ಮಕ್ಕಳಿಗೆ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆಯಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆಯನ್ನು ಮುರಿದು ಬೆಕ್ಕಿಗೂ ಹಾಕುವವರಿದ್ದಾರೆ. ಇದನ್ನು ಮಾಡಲೇಬಾರದು, ಅದು ಬೆಕ್ಕಿನ ಮೂಳೆಮಜ್ಜೆಯನ್ನು ಕುಗ್ಗಿಸಬಲ್ಲದು.

ಬೆಕ್ಕಿಗೆಂದೇ ಬರುವ ಒಂದು ಸಾಮಾನ್ಯ ಮಾತ್ರೆಯಲ್ಲಿ 230 ಮಿಲಿಗ್ರಾಂ ಪೈರಾಂಟೆಲ್ ಎಂಬೋನೇಟ್ ಮತ್ತು 20 ಮಿಲಿಗ್ರಾಂ ಪ್ರಾಜಿಕ್ವಾಂಟೆಲ್ ಇರುತ್ತದೆ. ಅದು 4 ಕಿಲೋ ತೂಕಕ್ಕೆ ಒಂದು ಮಾತ್ರೆ. ಎಂದರೆ ಕಿಲೋಗೆ 5 ಮಿಲಿಗ್ರಾಂ ಪ್ರಾಜಿಕ್ವಾಂಟೆಲ್. 4 ಕಿಲೋ ದಾಟಿ 6 ಕಿಲೋವರೆಗಿನ ಬೆಕ್ಕಿಗೆ ಒಂದೂವರೆ ಮಾತ್ರೆ ಬೇಕಾಗುತ್ತದೆ. ಬೇರೆ ಹೆಸರಿನ ಮಾತ್ರೆಯಲ್ಲಿ ಪ್ರಮಾಣ ಬೇರೆಯಿರಬಹುದು, ಆದ್ದರಿಂದ ಪೊಟ್ಟಣದ ಹಿಂಬದಿಯನ್ನು ಓದಿ, ತೂಕವನ್ನು ಹೇಳಿ, ವೈದ್ಯರಿಂದ ಲೆಕ್ಕವನ್ನು ಖಚಿತಪಡಿಸಿಕೊಳ್ಳಿ. ನಾಯಿಯ ಮಾತ್ರೆಯನ್ನು ಕಾಲುಭಾಗ ಮಾಡಿ ಕೊಡುವುದು ಬೇಡ. ಅದರಲ್ಲಿ ಬೆಕ್ಕಿಗೆ ಅನುಮೋದನೆಯಿಲ್ಲದ ಮೂರನೆಯ ಔಷಧವಿರಬಹುದು, ಮತ್ತು ಮುರಿದ ಚೂರಿನಲ್ಲಿ ಎಷ್ಟಿದೆ ಎಂದು ಯಾರೂ ಹೇಳಲಾರರು.

ಪ್ರಾಜಿಕ್ವಾಂಟೆಲ್ ಬಹಳ ಕಹಿ. ಅನ್ನದಲ್ಲಿ ಅಥವಾ ಮೀನಿನಲ್ಲಿ ಪುಡಿ ಮಾಡಿ ಬೆರೆಸಿದರೆ ಹೆಚ್ಚಿನ ಬೆಕ್ಕುಗಳು ತಟ್ಟೆಯನ್ನೇ ಬಿಟ್ಟುಹೋಗುತ್ತವೆ; ಅರ್ಧ ತಿಂದರೆ ಅರ್ಧ ಔಷಧವೇ ಹೊಟ್ಟೆಗೆ ಹೋಯಿತು. ನುಂಗಿಸುವುದೇ ಮೇಲು. ಬೆಕ್ಕನ್ನು ಟವೆಲಿನಲ್ಲಿ ಮುಂಗಾಲು ಸೇರಿಸಿ ಸುತ್ತಿ, ಹಿಂದಿನಿಂದ ಮಡಿಲಿಗೆ ಒರಗಿಸಿಕೊಳ್ಳಿ. ಎಡಗೈಯಿಂದ ಮೇಲ್ದವಡೆಯನ್ನು ಕಣ್ಣಿನ ಕೆಳಗಿನ ಮೂಳೆಯ ಬಳಿ ಹಿಡಿದು ಮೂಗನ್ನು ಮೇಲೆತ್ತಿ, ಬಲಗೈಯ ನಡುಬೆರಳಿನಿಂದ ಕೆಳದವಡೆಯನ್ನು ಇಳಿಸಿ, ಬೆಣ್ಣೆ ಸವರಿದ ಮಾತ್ರೆಯನ್ನು ನಾಲಿಗೆಯ ಬುಡಕ್ಕೆ ಹಾಕಿ ಬಾಯಿ ಮುಚ್ಚಿ. ಮೂಗನ್ನು ನೆಕ್ಕಿಕೊಂಡರೆ ನುಂಗಿದೆ ಎಂದರ್ಥ. ಒಣ ಮಾತ್ರೆ ಅನ್ನನಾಳದಲ್ಲಿ ನಿಲ್ಲದಂತೆ, ಆಮೇಲೆ ಸೂಜಿಯಿಲ್ಲದ ಸಿರಿಂಜಿನಿಂದ ಸುಮಾರು 5 ಮಿಲಿಲೀಟರ್ ನೀರನ್ನು ಕೆನ್ನೆಯ ಬದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿ, ಅಥವಾ ಪ್ರಿಯವಾದ ತಿಂಡಿ ಕೊಡಿ. ಉಪವಾಸ ಹಾಕುವ ಅಗತ್ಯವಿಲ್ಲ. ಮಾತ್ರೆ ಹಾಕಿದ ಮೇಲೆ ಲಾಡಿಹುಳು ಮಲದಲ್ಲಿ ಕಾಣಿಸುವುದು ಅಪರೂಪ, ಅದು ಕರುಳಿನಲ್ಲೇ ಜೀರ್ಣವಾಗಿಬಿಡುತ್ತದೆ. ಉದ್ದನೆಯ ದುಂಡುಹುಳುಗಳಾದರೆ ಒಂದೆರಡು ದಿನ ಮಲದಲ್ಲಿ ಬೀಳಬಹುದು.

ಈ ಔಷಧಗಳ ಒಂದು ಮಿತಿಯನ್ನು ತಿಳಿದಿರಬೇಕು. ಅವು ಅಂದು ಕರುಳಿನಲ್ಲಿದ್ದ ಹುಳುವನ್ನು ಕೊಂದು ದೇಹದಿಂದ ಹೊರಟುಹೋಗುತ್ತವೆ. ನಾಳೆ ಬರುವ ಹುಳುವನ್ನು ತಡೆಯುವುದಿಲ್ಲ.

ವರ್ಷದ ವೇಳಾಪಟ್ಟಿ

ಮರಿಗೆ ಮೂರು ವಾರದ ವಯಸ್ಸಿನಿಂದ ಆರಂಭಿಸಿ ಎರಡು ವಾರಕ್ಕೊಮ್ಮೆ, ಹಾಲು ಬಿಟ್ಟು ಎರಡು ವಾರವಾಗುವವರೆಗೆ, ಆಮೇಲೆ ತಿಂಗಳಿಗೊಮ್ಮೆ ಆರು ತಿಂಗಳವರೆಗೆ ದುಂಡುಹುಳುವಿನ ಔಷಧ ಕೊಡಬೇಕು. ಇದರಲ್ಲಿ ಒಳಮನೆ ಹೊರಮನೆ ಎಂಬ ಭೇದವಿಲ್ಲ, ಏಕೆಂದರೆ ಹುಳು ತಾಯಿಯ ಹಾಲಿನಿಂದಲೇ ಬಂದಿರುತ್ತದೆ. ಹಾಲೂಡುವ ತಾಯಿಬೆಕ್ಕಿಗೂ ಮರಿಗಳೊಂದಿಗೇ ಕೊಡಬೇಕು.

ಬೆಳೆದ ಬೆಕ್ಕಿನ ವಿಷಯದಲ್ಲಿ ನಮ್ಮಲ್ಲಿ ಮೂರು ತಿಂಗಳಿಗೊಮ್ಮೆ ಎಂಬ ಮಾತು ರೂಢಿಯಾಗಿದೆ. ಹೊರಗೆ ತಿರುಗಾಡಿ ಇಲಿ ಹಿಡಿಯುವ ಬೆಕ್ಕಿಗೆ ಅದು ಸರಿ. ಹೊರಗೆ ಹೋಗದ, ಬೇಟೆಯಾಡದ, ಹಸಿಮಾಂಸ ತಿನ್ನದ ಬೆಕ್ಕಿಗೆ ಯುರೋಪಿನ ಪರೋಪಜೀವಿ ತಜ್ಞರ ಮಂಡಳಿ ಈಎಸ್‌ಸಿಸಿಎಪಿ ಹೇಳುವುದು ವರ್ಷಕ್ಕೆ ಒಂದೆರಡು ಸಲ ಮಲಪರೀಕ್ಷೆ ಮಾಡಿಸಿ ಅಥವಾ ಒಂದೆರಡು ಸಲ ಔಷಧ ಕೊಡಿ ಎಂದು. ನಮ್ಮ ಮನೆಗಳಲ್ಲಿ ಹಲ್ಲಿ, ಜಿರಲೆ, ಕೆಲವೊಮ್ಮೆ ಇಲಿಯೂ ಇರುವುದರಿಂದ ಆ ಸಲಹೆಯನ್ನು ಹಾಗೇ ಎತ್ತಿಕೊಳ್ಳುವಂತಿಲ್ಲ. ಮೊದಲು ಬರೆದಿಟ್ಟ ಹಾಳೆಯನ್ನು ಇಲ್ಲಿ ತೆರೆಯಬೇಕು. ಬೇಟೆಯಿಲ್ಲದ, ಹದಿನೈದು ದಿನದ ಬಾಚುವಿಕೆಯಲ್ಲಿ ಚಿಗಟದ ಸುಳಿವಿಲ್ಲದ ಮನೆಗೆ ಆರು ತಿಂಗಳಿಗೊಮ್ಮೆ ಮಲಪರೀಕ್ಷೆ, ಅದರ ಫಲಿತಾಂಶ ನೋಡಿ ಔಷಧ. ಜಿರಲೆ ಹಲ್ಲಿಗಳನ್ನು ಆಗಾಗ ತಿನ್ನುವ ಬೆಕ್ಕಿಗೆ ಮೂರರಿಂದ ನಾಲ್ಕು ತಿಂಗಳಿಗೊಮ್ಮೆ ಔಷಧ. ಚಿಗಟ ಸಿಕ್ಕಿದ ಬೆಕ್ಕಿಗೆ ವೇಳಾಪಟ್ಟಿ ಏನೇ ಇರಲಿ, ಆಗಲೇ ಪ್ರಾಜಿಕ್ವಾಂಟೆಲ್. ಐದು ವರ್ಷದೊಳಗಿನ ಮಕ್ಕಳಿರುವ ಮನೆಯವರು ಮಲಪರೀಕ್ಷೆಯ ಅಂತರವನ್ನು ಇನ್ನಷ್ಟು ಕಡಿಮೆ ಮಾಡಿಕೊಳ್ಳಬೇಕು.

ಮಲಪರೀಕ್ಷೆಗೆ ಆ ದಿನದ ಮಲವನ್ನು, ಒಂದು ಚಮಚದಷ್ಟು, ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿ ಒಯ್ಯಬೇಕು, ತಡವಾಗುವುದಾದರೆ ಫ್ರಿಜ್ಜಿನಲ್ಲಿಡಬಹುದು. ದೊಡ್ಡ ಕ್ಲಿನಿಕ್‌ಗಳಲ್ಲಿ, ಬೆಂಗಳೂರಿನವರಿಗಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿಯೂ ವಿಚಾರಿಸಬಹುದು. ವರದಿಯಲ್ಲಿ ಮೊಟ್ಟೆ ಕಾಣಲಿಲ್ಲ ಎಂದಿದ್ದರೂ ಲಾಡಿಹುಳು ಇಲ್ಲವೆಂದು ತಿಳಿಯಬಾರದು. ಅದರ ಮೊಟ್ಟೆಗಳು ಖಂಡಗಳೊಳಗೇ ಕಟ್ಟಿಕೊಂಡಿರುವುದರಿಂದ ಸೂಕ್ಷ್ಮದರ್ಶಕಕ್ಕೆ ತಪ್ಪಿಹೋಗುವುದೇ ಹೆಚ್ಚು. ಅದನ್ನು ಹಿಡಿಯುವುದು ಬಾಲದ ಕೆಳಗೆ ನೋಡುವ ನಿಮ್ಮ ಕಣ್ಣೇ.

ಲಿಟರ್ ತಟ್ಟೆಯ ಮಲವನ್ನು ದಿನಕ್ಕೊಮ್ಮೆ ತೆಗೆಯಬೇಕು. ದುಂಡುಹುಳುವಿನ ಮೊಟ್ಟೆ ಸೋಂಕು ತಗಲಿಸುವ ಸ್ಥಿತಿಗೆ ಬರಲು ಎರಡರಿಂದ ನಾಲ್ಕು ವಾರ ಬೇಕು. ದಿನವೂ ತೆಗೆದ ತಟ್ಟೆಯಲ್ಲಿ ಅದಕ್ಕೆ ಆ ಕಾಲಾವಕಾಶವೇ ಸಿಗುವುದಿಲ್ಲ.

ಒಂದು ಉದಾಹರಣೆ, ಲೆಕ್ಕದ ಸಮೇತ

ಎರಡನೆಯ ಮಹಡಿಯ ಒಂದು ಮನೆಯಲ್ಲಿ 4.6 ಕಿಲೋ ತೂಕದ ಗಂಡು, 3.1 ಕಿಲೋ ತೂಕದ ಹೆಣ್ಣು, ಎರಡೂ ಬೆಳೆದ ಬೆಕ್ಕುಗಳು ಇವೆ ಎಂದುಕೊಳ್ಳೋಣ. ಜೂನ್ 1ರಂದು ಗಂಡಿನ ಹಾಸಿನ ಮೇಲೆ ಲಾಡಿಹುಳುವಿನ ಖಂಡಗಳು ಕಂಡವು. ಬಾಚಿದಾಗ ಗಂಡಿನ ಮೈಯಲ್ಲಿ ಕೆಂಪು ಹರಡುವ ಪುಡಿ ಸಿಕ್ಕಿತು, ಹೆಣ್ಣಿನಲ್ಲಿ ಏನೂ ಸಿಗಲಿಲ್ಲ. ಆದರೂ ಚಿಕಿತ್ಸೆ ಎರಡಕ್ಕೂ ಬೇಕು. ಅಂದೇ ಎರಡಕ್ಕೂ ಫಿಪ್ರೋನಿಲ್ ಮತ್ತು ಎಸ್-ಮೆಥೊಪ್ರೀನ್ ಸೇರಿದ ಬೆಕ್ಕಿನ ಹನಿ ಹಚ್ಚಲಾಯಿತು. ಒಂದೇ ದಿನ ಎರಡು ಔಷಧ ಕೊಟ್ಟರೆ ವಾಂತಿಯಾದಾಗ ಯಾವುದರಿಂದ ಎಂದು ತಿಳಿಯದಾದ್ದರಿಂದ, ಜೂನ್ 3ರಂದು ಮಾತ್ರೆ: ಮೇಲೆ ಹೇಳಿದ ಮಾತ್ರೆಯಲ್ಲಿ ಗಂಡಿಗೆ ಒಂದೂವರೆ, ಹೆಣ್ಣಿಗೆ ಒಂದು. ಹಾಸುಗಳನ್ನೆಲ್ಲ ಬಿಸಿನೀರಿನಲ್ಲಿ ಒಗೆದು, ಸೋಫಾ ಮಂಚಗಳ ಸಂದುಗಳನ್ನು ದಿನವೂ ಎಳೆಯಲಾಯಿತು.

ಜೂನ್ 16ರಂದು ಹಣಿಗೆಗೆ ಮೂರು ಜೀವಂತ ಚಿಗಟಗಳು ಸಿಕ್ಕವು. ಇವು ಗೂಡಿನಿಂದ ಹೊರಬಂದವು. ಮಧ್ಯದಲ್ಲೇ ಮತ್ತೊಮ್ಮೆ ಹನಿ ಹಚ್ಚುವ ಆತುರ ಬೇಡ, ಅದು ಔಷಧದ ಪ್ರಮಾಣವನ್ನು ಮೀರಿಸುತ್ತದೆ. ಜೂನ್ 26ರಂದು ಗಂಡಿನ ಬಾಲದ ಕೆಳಗೆ ಮತ್ತೆ ಎರಡು ಖಂಡಗಳು. ಮಾತ್ರೆ ಕೆಲಸ ಮಾಡಲಿಲ್ಲವೇ? ಮಾತ್ರೆ ವಿಫಲವಾಗಿದ್ದರೆ ಖಂಡಗಳು ನಾಲ್ಕಾರು ದಿನಗಳಲ್ಲೇ ಮತ್ತೆ ಕಾಣಬೇಕಿತ್ತು. ಮೂರು ವಾರ ಬಿಟ್ಟು ಕಂಡದ್ದರಿಂದ ಇದು ಮಾತ್ರೆಯ ನಂತರ ನುಂಗಿದ ಚಿಗಟದಿಂದ ಬಂದ ಹೊಸ ಹುಳು. ಜುಲೈ 1ರಂದು ಎರಡನೆಯ ಹನಿ, ಎರಡು ದಿನ ಬಿಟ್ಟು ವೈದ್ಯರನ್ನು ಕೇಳಿ ಎರಡಕ್ಕೂ ಮತ್ತೊಮ್ಮೆ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆ. ಈ ನಡುವೆ ಮೂಲವೂ ಪತ್ತೆಯಾಯಿತು: ಮೊಗಸಾಲೆಯ ಚಪ್ಪಲಿ ಗೂಡಿನ ಕೆಳಗಿನ ಹಳೆಯ ಕಾಲೊರಸಿನ ಮೇಲೆ ರಾತ್ರಿ ಒಂದು ಬೀದಿಬೆಕ್ಕು ಮಲಗುತ್ತಿತ್ತು. ಕಾಲೊರಸನ್ನು ಎಸೆದು, ಚಪ್ಪಲಿ ಗೂಡನ್ನು ಮುಚ್ಚುವ ಬಾಗಿಲಿನದಕ್ಕೆ ಬದಲಾಯಿಸಿ, ಆ ಬೀದಿಬೆಕ್ಕಿಗೆ ಊಟ ಹಾಕುವವರೊಡನೆ ಮಾತಾಡಿ ಅದಕ್ಕೂ ಹನಿ ಹಚ್ಚಿಸಲಾಯಿತು. ಆಗಸ್ಟ್ 1ರಂದು ಮೂರನೆಯ ಹನಿ. ಆ ತಿಂಗಳ ಎರಡು ಬಾಚುವಿಕೆಗಳಲ್ಲೂ ಪುಡಿ ಸಿಗದಿದ್ದರೆ, ಮಳೆಗಾಲ ಮುಗಿಯುವವರೆಗೆ ಹನಿಯನ್ನು ಮುಂದುವರಿಸಿ, ಆಮೇಲೆ ಬರೀ ಬಾಚಿ ನೋಡುವುದಕ್ಕೆ ಇಳಿಯಬಹುದು. ಚಪ್ಪಲಿ ಗೂಡಿನಂಥ ಮೂಲವನ್ನು ಮುಚ್ಚಲಾಗದ ಮನೆಯಲ್ಲಿ ಮಾತ್ರ ವರ್ಷವಿಡೀ ತಿಂಗಳಿಗೊಮ್ಮೆ ಹನಿ ಅನಿವಾರ್ಯ.

ತಡಮಾಡದೆ ವೈದ್ಯರ ಬಳಿ ಓಡಬೇಕಾದ ಸಂದರ್ಭಗಳು

ಚಿಗಟ ಹೆಚ್ಚಿದ ಮರಿಯ ವಸಡು ಬಿಳಚಿಕೊಂಡಿದ್ದರೆ ಅದು ರಕ್ತಹೀನತೆ. ಮನೆಯಲ್ಲಿ ಕಾಯುವ ಹೊತ್ತಲ್ಲ. ಹೊಟ್ಟೆ ಉಬ್ಬಿ ಹುಳುಗಳನ್ನೇ ವಾಂತಿ ಮಾಡುವ ಮರಿಯೂ ಹಾಗೆಯೇ.

ಎಲ್ಲಕ್ಕಿಂತ ದೊಡ್ಡ ಅಪಾಯ ಪರ್ಮೆಥ್ರಿನ್. ನಾಯಿಗಳ ಹಲವು ಚಿಗಟದ ಹನಿ, ಪುಡಿ, ಶಾಂಪೂಗಳಲ್ಲಿ ಇದಿರುತ್ತದೆ. ನಾಯಿ ತಾಳಿಕೊಳ್ಳುವ ಈ ವಿಷವನ್ನು ಬೆಕ್ಕಿನ ದೇಹ ಒಡೆಯಲಾರದು. ಬೆಕ್ಕಿಗೆ ನೇರವಾಗಿ ಹಚ್ಚದಿದ್ದರೂ, ಆಗಷ್ಟೇ ಹನಿ ಹಚ್ಚಿಸಿಕೊಂಡ ನಾಯಿಗೆ ಒತ್ತಿ ಮಲಗಿದರೆ ಸಾಕು. ಕಿವಿ ಮತ್ತು ಮುಖದ ಚರ್ಮ ಅದುರುವುದು, ನಡೆ ತಪ್ಪುವುದು, ಮೈಯೆಲ್ಲ ನಡುಗುವುದು, ಸೆಳವು ಬರುವುದು ಇದರ ಲಕ್ಷಣಗಳು. ಕೆಲವು ಗಂಟೆಗಳಲ್ಲೇ ತೋರಬಹುದು, ಒಂದೆರಡು ದಿನ ತಡವಾಗಿಯೂ ತೋರಬಹುದು. ಹಚ್ಚಿದ್ದು ತಪ್ಪೆಂದು ತಿಳಿದೊಡನೆ, ಬೆಕ್ಕು ಚೆನ್ನಾಗಿಯೇ ಇದ್ದರೂ, ಪಾತ್ರೆ ತೊಳೆಯುವ ದ್ರವ ಸೋಪು ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ಆ ಜಾಗವನ್ನು ತೊಳೆದು, ಒರೆಸಿ, ಮೈ ತಣ್ಣಗಾಗದಂತೆ ಟವೆಲಿನಲ್ಲಿ ಸುತ್ತಿ ಹೊರಡಬೇಕು. ಸೆಳವು ಆಗಲೇ ಶುರುವಾಗಿದ್ದರೆ ತೊಳೆಯುತ್ತ ಕೂರದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಬಾಯಿಗೆ ಹಾಲನ್ನಾಗಲಿ ಎಣ್ಣೆಯನ್ನಾಗಲಿ ಹಾಕಬಾರದು. ವಾಂತಿ ಮಾಡಿಸಲು ಯತ್ನಿಸಬಾರದು. ಬಳಸಿದ ಔಷಧದ ಖಾಲಿ ನಳಿಕೆಯನ್ನೂ ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ, ಅದರ ಮೇಲಿನ ಹೆಸರು ಮತ್ತು ಪ್ರಮಾಣವನ್ನು ನೋಡಿದರೆ ವೈದ್ಯರು ಊಹೆ ಮಾಡುತ್ತ ಹೊತ್ತು ಕಳೆಯಬೇಕಾಗುವುದಿಲ್ಲ.